ಮೊದಲ ಎಕ್ಸ್‌ರೇಗೆ ಸಿಗದ ಮೂಳೆಮುರಿತ

ಎಕ್ಸ್‌ರೇ ಚಿತ್ರ ಮೂಲತಃ ಒಂದು ನೆರಳು. ಕಿರಣಗಳನ್ನು ಹೆಚ್ಚು ತಡೆಯುವ ಮೂಳೆ ಅದರಲ್ಲಿ ಬೆಳ್ಳಗೆ, ಮಾಂಸ ಬೂದುಬಣ್ಣದಲ್ಲಿ ಮೂಡುತ್ತವೆ. ಮೂಳೆ ಮುರಿದು ಸಂದು ಬಿಟ್ಟಲ್ಲಿ ಕಪ್ಪು ಗೆರೆ ಕಾಣುತ್ತದೆ. ತುಂಡುಗಳು ಒಂದರ ಮೇಲೊಂದು ಏರಿದ್ದರೆ ಅದೇ ಜಾಗ ಇನ್ನಷ್ಟು ಬೆಳ್ಳಗಾಗುವುದೂ ಉಂಟು. ಆದರೆ ಕಿರಣ ಆ ಸಂದಿನೊಳಗೇ ನೇರವಾಗಿ ಹಾದುಹೋದರೆ ಮಾತ್ರ ಗೆರೆ ಸ್ಪಷ್ಟ. ಓರೆಯಾಗಿ ಹಾದರೆ ಮೂಳೆಯ ಬಿಳುಪಿನಲ್ಲಿ ಅದು ಕಳೆದುಹೋಗುತ್ತದೆ. ಕೈಯನ್ನು ಬೇರೆ ಬೇರೆ ಕೋನಗಳಲ್ಲಿಟ್ಟು ಚಿತ್ರ ತೆಗೆಯುವುದು ಇದಕ್ಕಾಗಿಯೇ.

ಮುರಿದ ತುಂಡು ಎಷ್ಟು ಸರಿದಿದೆ ಎಂಬುದೂ ಒಂದೇ ಚಿತ್ರದಲ್ಲಿ ತಿಳಿಯದು. ಸಿಟ್ಟಿನಲ್ಲಿ ಗೋಡೆಗೆ ಗುದ್ದಿದವರಿಗೆ ಕಿರುಬೆರಳಿನ ಬುಡದಲ್ಲಿರುವ ಅಂಗೈ ಮೂಳೆಯ ಕತ್ತು ಮುರಿಯುವುದು ಸಾಮಾನ್ಯ. ಎದುರಿನಿಂದ ತೆಗೆದ ಚಿತ್ರದಲ್ಲಿ ಅದು ಅಷ್ಟೇನೂ ಕೆಟ್ಟದಾಗಿ ಕಾಣದಿರಬಹುದು, ಪಕ್ಕದಿಂದ ತೆಗೆದರೆ ಮೂಳೆಯ ತಲೆ ಅಂಗೈ ಕಡೆಗೆ ಬಾಗಿರುವುದು ಗೊತ್ತಾಗುತ್ತದೆ. ತುಂಡು ತಿರುಚಿಕೊಂಡಿದ್ದರೆ ಮಾತ್ರ ಫಿಲ್ಮನ್ನು ನೆಚ್ಚಿ ಕೂರುವಂತಿಲ್ಲ: ಬೆರಳು ಮಡಚಲು ಹೇಳಿದಾಗ ಒಂದು ಬೆರಳು ಪಕ್ಕದ ಬೆರಳಿನ ಮೇಲೆ ಏರಿದರೆ ಅದೇ ಪುರಾವೆ.

ಹೆಚ್ಚು ಏಮಾರಿಸುವ ಮೂಳೆ ಎಂದರೆ ಸ್ಕೇಫಾಯ್ಡ್. ಹೆಬ್ಬೆರಳ ಬುಡದ ಕಡೆ, ಮಣಿಕಟ್ಟಿನ 8 ಸಣ್ಣ ಮೂಳೆಗಳ ಗುಂಪಿನಲ್ಲಿ ಅದು ಓರೆಯಾಗಿ ಕೂತಿದೆ. ಬೈಕಿನಿಂದ ಬಿದ್ದ ಯುವಕನೊಬ್ಬ ಅಂಗೈ ಊರಿದ ಎಂದುಕೊಳ್ಳೋಣ. ಊತ ಅಷ್ಟಕ್ಕಷ್ಟೇ, ಎಕ್ಸ್‌ರೇಯಲ್ಲಿ ಏನೂ ಇಲ್ಲ. 'ಉಳುಕಿದೆ' ಎಂದು ಮುಲಾಮು ಕೊಟ್ಟು ಕಳಿಸುವ ತಪ್ಪು ಆಗುವುದು ಇಲ್ಲೇ. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿದಾಗ ಬುಡದಲ್ಲಿ ಒಂದು ಗುಳಿ ಬೀಳುತ್ತದೆ. ಅದನ್ನು ಒತ್ತಿದಾಗ ನೋವಾದರೆ ಫಿಲ್ಮ್ ಏನೇ ಹೇಳಲಿ, ಮೂಳೆ ಮುರಿದಿರಬಹುದೆಂದೇ ಎಣಿಸಬೇಕು. ಮಣಿಕಟ್ಟನ್ನು ಕಿರುಬೆರಳ ಕಡೆಗೆ ವಾಲಿಸಿ ಇನ್ನೊಂದು ಚಿತ್ರ ತೆಗೆಯುತ್ತಾರೆ, ಆಗ ಸ್ಕೇಫಾಯ್ಡ್ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಆಗಲೂ ಕಾಣದಿದ್ದರೆ ಕೈಗೆ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಎಕ್ಸ್‌ರೇ. ಅಷ್ಟರೊಳಗೆ ಮುರಿದ ಅಂಚುಗಳನ್ನು ದೇಹವೇ ಸ್ವಲ್ಪ ಕರಗಿಸಿ ಸಂದನ್ನು ಅಗಲವಾಗಿಸಿರುತ್ತದೆ, ಮೊದಲ ದಿನ ಕೂದಲೆಳೆಯಂತಿದ್ದ ಬಿರುಕು ಗೆರೆಯಾಗಿ ಮೂಡುತ್ತದೆ. ಎಂಆರ್‌ಐ ಇದ್ದಲ್ಲಿ ಇಷ್ಟು ಕಾಯಬೇಕಿಲ್ಲ, ಮೂಳೆಯೊಳಗಿನ ಪೆಟ್ಟನ್ನು ಅದು ಮೊದಲ ದಿನಗಳಲ್ಲೇ ತೋರಿಸುತ್ತದೆ.

ಇಷ್ಟು ಜಾಗ್ರತೆಗೆ ಕಾರಣ ರಕ್ತದ ಹರಿವು. ಸ್ಕೇಫಾಯ್ಡ್‌ಗೆ ಹೆಚ್ಚಿನ ರಕ್ತ ಬೆರಳಿನ ಕಡೆಯ ತುದಿಯಿಂದ ಒಳಹೊಕ್ಕು ಮುಂಗೈ ಕಡೆಗೆ ಹಿಂದಿರುಗಿ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತು, ಅದು ಸಾಯಬಹುದು. ಕೂಡದೆ ಉಳಿದ ಮೂಳೆ ವರ್ಷಗಳ ಮೇಲೆ ಮಣಿಕಟ್ಟಿನ ಸಂಧಿಯನ್ನೇ ಸವೆಸುತ್ತದೆ. ತುಂಡು ಸರಿಯದ ಮುರಿತವಾದರೆ ಕೆಲವು ವಾರಗಳ ಪ್ಲಾಸ್ಟರ್‌ನಲ್ಲೇ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. 1 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಸ್ಕ್ರೂ ಹಾಕುವುದೇ ರೂಢಿ.