ನಾಲಗೆ ತಡವರಿಸಿದಲ್ಲಿ ಪೆನ್ಸಿಲ್ ಆಡಲಿ

ಪುಸ್ತಕ ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಮರಳಬಹುದು. ರೇಡಿಯೊ ನಾಟಕ ಕೇಳುವವರಿಗೆ ಆ ಅವಕಾಶವಿಲ್ಲ. ಹಾಗಾಗಿ ರೇಡಿಯೊಗೆಂದು ಬರೆದ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿಸಿ, ತಾಲೀಮಿನಲ್ಲೇ ತಿದ್ದಬೇಕು.

ಮೊದಲ ಓದು ಬರೆದವರದ್ದಾಗಬಾರದು. ಪ್ರತಿ ಮಾತಿನ ಏರಿಳಿತ ಅವರಿಗೆ ಮೊದಲೇ ಗೊತ್ತಿರುವುದರಿಂದ ತೊಡಕಿನ ಸಾಲೂ ಸಲೀಸಾಗಿ ಬಂದುಬಿಡುತ್ತದೆ. ಸ್ಕ್ರಿಪ್ಟನ್ನು ನೋಡಿಯೇ ಇರದವರ ಕೈಗೆ ಕೊಡಿ. ಒಮ್ಮೆ ಎಲ್ಲೂ ತಡೆಯದೆ ಪೂರ್ತಿ ಕೇಳಿ. ಎರಡನೇ ಓದಿನಲ್ಲಿ ಪೆನ್ಸಿಲ್ ಹಿಡಿಯಿರಿ. ತೊದಲಿದ ಪದದ ಕೆಳಗೆ ಗೆರೆ, ಉಸಿರು ಸಾಲದಲ್ಲಿ ಓರೆಗೆರೆ, ಓದುವವರು ಅರ್ಥಕ್ಕಾಗಿ ಹಿಂದಕ್ಕೆ ಹೋದಲ್ಲಿ ಅಂಚಿನಲ್ಲೊಂದು ಪ್ರಶ್ನೆಚಿಹ್ನೆ, ಇಷ್ಟು ಗುರುತು ಸಾಕು. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಿ ಓದಿಸಿ. ಇಬ್ಬರೂ ಒಂದೇ ಕಡೆ ಎಡವಿದರೆ ತಪ್ಪು ಸಾಲಿನದು. ಒಬ್ಬರೇ ಎಡವಿದರೆ ಅವರಿಗೆ ಅಭ್ಯಾಸ ಬೇಕು.

ತಾಯಿ ಮಗನಿಗೆ ಹೇಳುವ ಈ ಮಾತು ನೋಡಿ: "ನಿಮ್ಮಪ್ಪ ಸಾಲ ಮಾಡಿ ಕೊಂಡ, ನಿನ್ನ ಚಿಕ್ಕಪ್ಪ ಹಗಲೂ ರಾತ್ರಿ ದುಡಿದು ಉಳಿಸಿದ, ಈಗ ನೀನು ಅಡವಿಡಲು ಹೊರಟಿರುವ ಗದ್ದೆಯ ಪತ್ರ ಎಲ್ಲಿದೆ?" ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಆದರೆ 'ಗದ್ದೆ' ಕಿವಿಗೆ ಬೀಳುವವರೆಗೂ ಕೊಂಡದ್ದೇನು, ಉಳಿಸಿದ್ದೇನು ಎಂದು ಕೇಳುಗರಿಗೆ ತಿಳಿಯುವುದಿಲ್ಲ. ನಟಿಯ ಉಸಿರೂ ಮುಗಿದಿರುತ್ತದೆ. ಹೀಗೆ ಬಿಡಿಸಿ: "ಗದ್ದೆ ಪತ್ರ ಎಲ್ಲೋ? ನಿಮ್ಮಪ್ಪ ಸಾಲ ಮಾಡಿ ತಗೊಂಡಿದ್ದು ಅದು. ಚಿಕ್ಕಪ್ಪ ಹಗಲೂ ರಾತ್ರಿ ದುಡಿದು ಉಳಿಸಿದ್ದು. ಈಗ ನೀನು ಅಡ ಇಡ್ತೀಯಾ?" ಸಂಗತಿ ಅದೇ, ಅನುಕ್ರಮ ಮಾತ್ರ ಬೇರೆ. ಹಾಗೆಯೇ 'ಸ್ವಾಸ್ಥ್ಯಸಂರಕ್ಷಣೆ'ಯಂಥ ಒತ್ತಕ್ಷರದ ಸಾಲು ನಾಲಗೆಗೆ ತೊಡಕಾದರೆ 'ಆರೋಗ್ಯ' ಎಂದರಾಯಿತು. ಆದರೆ ಪಾತ್ರವೇ ಪಂಡಿತರದಾದರೆ ಆ ಪದ ಇರಲಿ. ಎಲ್ಲರ ಬಾಯಲ್ಲೂ ಒಂದೇ ಸಲೀಸು ಭಾಷೆ ಬಂದರೆ ಪಾತ್ರಗಳು ಬೇರೆ ಬೇರೆ ಎಂದು ಕಿವಿಗೆ ಗೊತ್ತಾಗುವುದಿಲ್ಲ.

ಇನ್ನು ಸಮಯ. ನಾಟಕಕ್ಕೆ ಸಿಕ್ಕಿರುವುದು 15 ನಿಮಿಷ ಎಂದಿಟ್ಟುಕೊಳ್ಳಿ. ಓದಿಗೆ 16 ನಿಮಿಷ, ಸಂಗೀತ ಮತ್ತು ಸದ್ದುಗಳಿಗೆ ಒಂದೂವರೆ ನಿಮಿಷ ಆಯಿತು. ಎರಡೂವರೆ ನಿಮಿಷ ಹೆಚ್ಚು. ನಟರಿಗೆ ಬೇಗ ಓದಲು ಹೇಳಿದರೆ ಪದಗಳ ಕೊನೆ ನುಂಗಿಹೋಗುತ್ತದೆ, ಮೌನಗಳು ಮಾಯವಾಗುತ್ತವೆ. ಅಲ್ಲಲ್ಲಿ ಒಂದೊಂದು ಪದ ಕಿತ್ತರೆ ಉಳಿಯುವುದು ಕೆಲವೇ ಸೆಕೆಂಡು. ಅದಕ್ಕೇ ಪ್ರತಿ ದೃಶ್ಯದ ಸಮಯವನ್ನು ಅಂಚಿನಲ್ಲಿ ಬರೆಯಬೇಕು. ನಾಲ್ಕು ದೃಶ್ಯಗಳಲ್ಲಿ ಮೂರನೆಯದೇ 6 ನಿಮಿಷ ತಿಂದಿದ್ದರೆ ಅಲ್ಲಿ ಹುಡುಕಿ. ಗದ್ದೆ ಅಡವಿನ ಸುದ್ದಿಯನ್ನು ಮೊದಲು ನೆರೆಯವರು, ಆಮೇಲೆ ಮಗ, ಹೀಗೆ ಇಬ್ಬರು ಹೇಳುತ್ತಿರಬಹುದು. ನೆರೆಯವರ ಮಾತು ತೆಗೆದರೆ ಎರಡು ನಿಮಿಷ ಸಿಗುತ್ತದೆ. ಉಳಿದ ಅರ್ಧ ನಿಮಿಷ ಮೊದಲ ದೃಶ್ಯದ ಉಭಯಕುಶಲೋಪರಿಯಲ್ಲಿ ಸಿಕ್ಕೀತು.

ಕತ್ತರಿಸಿದ ಜಾಗದಲ್ಲಿ ಎರಡು ಹಳೆಯ ಸಾಲು ಹೊಸದಾಗಿ ಅಕ್ಕಪಕ್ಕ ಬರುತ್ತವೆ, ತೊಡಕು ಮತ್ತೆ ಹುಟ್ಟುವುದು ಅಲ್ಲೇ. ಗಡಿಯಾರ ಇಟ್ಟುಕೊಂಡು ಇನ್ನೊಮ್ಮೆ ಮೊದಲಿಂದ ಕೊನೆಯವರೆಗೆ ಓದಿಸದೆ ಧ್ವನಿಮುದ್ರಣಕ್ಕೆ ಹೋಗಬೇಡಿ.