‘ಮಿಕ್ಸ್’ ಸ್ವೆಟರಿನ ಒಳಗುಟ್ಟು

ಚಳಿಗಾಲ ಹತ್ತಿರವಾಯಿತೆಂದರೆ ಕರ್ನಾಟಕದ ಹಲವು ಊರುಗಳಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಸಾಲಾಗಿ ತಲೆಯೆತ್ತುತ್ತವೆ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡಿನ ಕಡೆ ನೆಲೆ ನಿಂತ ಎಷ್ಟೋ ಕುಟುಂಬಗಳಿಗೆ ಹೊಲದ ಬೆಳೆಯ ಜೊತೆಗೆ ಈ ವ್ಯಾಪಾರವೂ ಒಂದು ಆಸರೆ. ಅಂಗಡಿ ಟಿಬೆಟನ್ನರದಾದರೂ ಸರಕಿನ ಬಹುಪಾಲು ಬರುವುದು ಪಂಜಾಬಿನ ಲುಧಿಯಾನದಿಂದ. ದೇಶದ ಹೊಸಿಯರಿ ಉದ್ಯಮದ ದೊಡ್ಡ ಕೇಂದ್ರ ಅದು. ಗಿರಾಕಿಗಳು ಸ್ವೆಟರನ್ನು ಕೆನ್ನೆಗೆ ಒತ್ತಿ ನೋಡಿ ಕೇಳುವ ಪ್ರಶ್ನೆ ಒಂದೇ: ‘ಇದು ಪೂರ್ತಿ ಉಣ್ಣೇದಾ?’ ಬರುವ ಉತ್ತರವೂ ಸಾಮಾನ್ಯವಾಗಿ ಒಂದೇ: ‘ಮಿಕ್ಸ್ ಅಕ್ಕಾ, ಒಳ್ಳೇ ಮಿಕ್ಸ್.’

ಮಿಕ್ಸ್ ಎಂದರೆ ಅಕ್ರಿಲಿಕ್ ನೂಲಿನಲ್ಲಿ ಅಷ್ಟಿಷ್ಟು ಉಣ್ಣೆ ಬೆರೆಸಿದ್ದು. ಉಣ್ಣೆಯ ಅರ್ಧ ಗುಣ, ಅಕ್ರಿಲಿಕ್ಕಿನ ಅರ್ಧ ಗುಣ ಸಿಕ್ಕಿ ಎಲ್ಲದರಲ್ಲೂ ನಡುಮಧ್ಯದ ಸರಕು ಕೈಗೆ ಬಂತು ಎಂದುಕೊಳ್ಳುವುದು ಸಹಜ. ಆದರೆ ಬೆರಕೆ ನೂಲು ಹಾಗೆ ಸಲೀಸಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಬೆವರು ಹೀರುವುದರಲ್ಲಿ ಅದು ಮಧ್ಯದಲ್ಲಿದ್ದರೆ ಉಂಡೆ ಕಟ್ಟುವುದರಲ್ಲಿ ಎರಡಕ್ಕಿಂತಲೂ ಕಡೆಯಾಗಬಹುದು. ಒಗೆಯುವ ಹೊತ್ತಿಗಂತೂ ಅದು ಪೂರ್ತಿ ಉಣ್ಣೆಯ ಪಕ್ಷ ಸೇರಿಬಿಡುತ್ತದೆ.

ಅಕ್ರಿಲಿಕ್ ಪೆಟ್ರೋಲಿಯಂ ಮೂಲದ ಎಳೆ. ಅಮೆರಿಕದ ಡ್ಯೂಪಾಂಟ್ ಕಂಪನಿ 1950ರಲ್ಲಿ ಆರ್ಲಾನ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಹೊಸದರಲ್ಲಿ ಎಳೆ ನುಣುಪು, ನೇರ. ಅದರಿಂದ ಹಾಗೆಯೇ ನೂತರೆ ತೆಳ್ಳಗಿನ ನೂಲು ಬರುತ್ತದೆಯೇ ಹೊರತು ಉಣ್ಣೆಯ ಉಬ್ಬು ಬರುವುದಿಲ್ಲ. ಈ ಉಬ್ಬಿಗಾಗಿ ಗಿರಣಿಯವರು ಮಾಡುವ ಉಪಾಯ ಸೊಗಸಾಗಿದೆ. ಬಿಸಿಯಲ್ಲಿ ಎಳೆದು ಬಿಗಿಮಾಡಿದ ಎಳೆಗಳನ್ನೂ ಮೊದಲೇ ಕುಗ್ಗಿಸಿಟ್ಟ ಎಳೆಗಳನ್ನೂ ಸೇರಿಸಿ ನೂಲುತ್ತಾರೆ. ಆಮೇಲೆ ಹಬೆ ಕೊಟ್ಟರೆ ಬಿಗಿ ಎಳೆಗಳು ಕುಗ್ಗಿ ನೂಲಿನ ನಡುವಿಗೆ ಸರಿಯುತ್ತವೆ. ಕುಗ್ಗಲು ಬಾಕಿಯೇ ಇಲ್ಲದ ಉಳಿದವು ಜಾಗ ಸಾಲದೆ ಬಾಗಿ ಹೊರಗೆ ಉಬ್ಬುತ್ತವೆ. ಅಂಗಡಿಯಲ್ಲಿ ಹಿಡಿದಾಗ ಮೆತ್ತಗೆ, ಹಗುರವಾಗಿ, ದಪ್ಪವಾಗಿ ತೋರುವ ಸ್ವೆಟರಿನ ಒಳಗಿರುವುದು ಈ ಉಬ್ಬೇ.

ಲ್ಯಾಂಬ್ಸ್‌ವುಲ್‌ನ ದಾರಿ ಬೇರೆ. ಕುರಿಮರಿಗೆ ಆರೇಳು ತಿಂಗಳಾದಾಗ ಮೊದಲ ಬಾರಿ ಕತ್ತರಿಸಿ ತೆಗೆಯುವ ಉಣ್ಣೆ ಇದು. ಹುಟ್ಟಿದಾಗಿನಿಂದ ಕತ್ತರಿ ಕಂಡಿರದ ಈ ಕೂದಲಿನ ಹೊರತುದಿ ಚೂಪಾಗಿ, ನವಿರಾಗಿ ಸಣ್ಣಗಾಗುತ್ತ ಹೋಗಿರುತ್ತದೆ. ಮೊಂಡು ಕತ್ತರಿಸಿದ ತುದಿ ಬುಡದ ಕಡೆ ಮಾತ್ರ. ಎರಡನೆಯ ಕತ್ತರಿಯಿಂದ ಮುಂದೆ ಎರಡು ತುದಿಯೂ ಮೊಂಡೇ. ಲ್ಯಾಂಬ್ಸ್‌ವುಲ್‌ನ ಗಿಡ್ಡ, ಸುರುಳಿ ಎಳೆಗಳನ್ನು ಬಾಚಿ ನೇರ ಮಾಡದೆ ಅಡ್ಡಾದಿಡ್ಡಿಯಾಗಿಯೇ ಸಡಿಲವಾಗಿ ನೂಲುವುದು ವಾಡಿಕೆ. ಸ್ಕಾಟ್ಲೆಂಡಿನ ಹಾವಿಕ್ ಪಟ್ಟಣ ಈ ಬಗೆಯ ಸ್ವೆಟರುಗಳಿಗೆ ಹೆಸರಾದದ್ದು. 1771ರಲ್ಲಿ ಅಲ್ಲಿಗೆ ಮೊದಲ ಕಾಲುಚೀಲ ಹೆಣೆಯುವ ಚೌಕಟ್ಟುಗಳು ಬಂದವು. ಹೆಣೆದ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಹದವಾಗಿ ಹೊರಳಾಡಿಸುವುದು ಇಂಥ ಸ್ವೆಟರಿನ ಮುಖ್ಯ ಹಂತ. ನೂಲುವಾಗ ಹಚ್ಚಿದ ಎಣ್ಣೆ ಆಗ ಹೋಗುತ್ತದೆ, ಎಳೆಗಳು ತುಸು ಮೇಲೆದ್ದು ಹೆಣಿಗೆಯ ಕಣ್ಣುಗಳನ್ನು ಮುಚ್ಚುತ್ತವೆ. ಹದ ಸ್ವಲ್ಪ ಮೀರಿದರೆ ಸ್ವೆಟರ್ ಹಲಗೆಯಂತಾಗುತ್ತದೆ, ಸಾಲದಿದ್ದರೆ ಬರಿ ದಾರದ ಜಾಲರಿ.

ಮೈಯನ್ನು ಬೆಚ್ಚಗಿಡುವುದು ಎಳೆಗಿಂತ ಹೆಚ್ಚಾಗಿ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ. ಹಾಗಾಗಿ ಒಂದೇ ದಪ್ಪದ ಹೊಸ ಅಕ್ರಿಲಿಕ್ ಮತ್ತು ಹೊಸ ಲ್ಯಾಂಬ್ಸ್‌ವುಲ್ ಸ್ವೆಟರನ್ನು ಮನೆಯೊಳಗೆ ತೊಟ್ಟು ಕೂತರೆ ಹೇಳಿಕೊಳ್ಳುವಂಥ ವ್ಯತ್ಯಾಸ ತಿಳಿಯದು. ಸ್ಕೂಟರ್ ಮೇಲಂತೂ ಎರಡೂ ಸೋಲುತ್ತವೆ. ಗಾಳಿ ಹೆಣಿಗೆಯ ಕಣ್ಣುಗಳಲ್ಲಿ ನುಗ್ಗುತ್ತದೆ, ಮೇಲೊಂದು ತೆಳು ಜರ್ಕಿನ್ ಬೇಕೇ ಬೇಕು. ವ್ಯತ್ಯಾಸ ಕಾಣುವುದು ಬೆವರು ಬಂದಾಗ, ಮತ್ತು ಒಂದೆರಡು ವರ್ಷ ಕಳೆದ ಮೇಲೆ.

ಬೆವರಿನ ಲೆಕ್ಕವನ್ನು ಮಾಡಿಯೇ ನೋಡಬಹುದು. ಹದವಾದ ಹವೆಯಲ್ಲಿ ಉಣ್ಣೆ ತನ್ನ ಒಣ ತೂಕದ ಸುಮಾರು 16 ಶೇಕಡಾದಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ, ಅಕ್ರಿಲಿಕ್ ಸುಮಾರು ಒಂದೂವರೆ ಶೇಕಡಾ ಮಾತ್ರ. 400 ಗ್ರಾಂ ತೂಕದ ಉಣ್ಣೆ ಸ್ವೆಟರ್ ಹೀಗೆ 64 ಗ್ರಾಂ ತೇವವನ್ನು ಎಳೆಯ ಒಳಕ್ಕೇ ಎಳೆದುಕೊಂಡರೂ ಮುಟ್ಟಿದರೆ ಒಣಗಿಯೇ ಇರುತ್ತದೆ. ಅದೇ ತೂಕದ ಅಕ್ರಿಲಿಕ್ಕಿಗೆ 6 ಗ್ರಾಂ ತುಂಬಿದರೆ ಮುಗಿಯಿತು. ಮಿಕ್ಕ ಬೆವರು ಎಳೆಗಳ ನಡುವೆ ನಿಂತು ಬೆನ್ನಿಗೆ ತಣ್ಣಗೆ ಅಂಟುತ್ತದೆ. 30 ಶೇಕಡಾ ಉಣ್ಣೆಯ ಮಿಕ್ಸ್‌ಗೆ ಸುಮಾರು 23 ಗ್ರಾಂ. ಇಲ್ಲಿ ಬೆರಕೆ ನಿಜಕ್ಕೂ ಮಧ್ಯದಲ್ಲಿದೆ. ತೇವ ಹೀರುವಾಗ ಉಣ್ಣೆ ಒಂದಿಷ್ಟು ಶಾಖವನ್ನೂ ಬಿಡುತ್ತದೆ. ಒಣ ಕೋಣೆಯಿಂದ ಮಂಜಿಗೆ ಕಾಲಿಟ್ಟ ಮೊದಲ ಹೊತ್ತಿನಲ್ಲಿ ಉಣ್ಣೆ ಬೆಚ್ಚಗೆ ಅನ್ನಿಸಲು ಅದೂ ಒಂದು ಕಾರಣ. ಮಡಿಕೇರಿಯ ಡಿಸೆಂಬರಿಗೆ ಇದು ಲೆಕ್ಕಕ್ಕೆ ಬರುವ ಸಂಗತಿ. ಬೆಂಗಳೂರಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬಿಸಿಲೇರುವ ಮೊದಲು ಮನೆ ಸೇರುವವರಿಗೆ ಅಷ್ಟೇನೂ ಅಲ್ಲ.

ವರ್ಷಗಳ ವಿಷಯ ಬೇರೆ. ಉಣ್ಣೆಯ ಎಳೆ ಒತ್ತಿಬಿಟ್ಟರೆ ಮತ್ತೆ ಪುಟಿಯುತ್ತದೆ. ಅಕ್ರಿಲಿಕ್ಕಿನ ಉಬ್ಬು ಬಳಸಿದಂತೆ ಚಪ್ಪಟೆಯಾಗುತ್ತದೆ, ಅದರ ಜೊತೆ ಗಾಳಿಯೂ ಹೋಗುತ್ತದೆ. ಮೊಣಕೈ ಭಾಗವನ್ನು ಬೆಳಕಿಗೆ ಹಿಡಿದರೆ ಇದು ಕಾಣುತ್ತದೆ.

ಇನ್ನು ಚುಚ್ಚುವ ಪುರಾಣ. ಉಣ್ಣೆ ತೊಟ್ಟರೆ ಅಲರ್ಜಿ ಎನ್ನುವವರಲ್ಲಿ ಬಹುಪಾಲು ಜನಕ್ಕೆ ಇರುವುದು ಅಲರ್ಜಿಯಲ್ಲ, ದಪ್ಪ ಎಳೆಯ ಕಾಟ. ಬಟ್ಟೆಯಿಂದ ಹೊರಗೆ ಚಾಚಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಸಣ್ಣ ಎಳೆ ಬಾಗಿ ಸುಮ್ಮನಾಗುತ್ತದೆ. ದಪ್ಪ ಎಳೆ ಬಾಗದೆ ಒತ್ತುತ್ತದೆ, ಚರ್ಮದ ನರ ಅದನ್ನು ಚುಚ್ಚು ಎಂದು ಗುರುತಿಸುತ್ತದೆ. ಈ ಗಡಿ ಸುಮಾರು 30 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ. ನೂರರಲ್ಲಿ ಐದು ಎಳೆ ಇದಕ್ಕಿಂತ ದಪ್ಪಗಿದ್ದರೆ ಸಾಕು, ಸ್ವೆಟರನ್ನು ಮೈಮೇಲೆ ಇಟ್ಟುಕೊಳ್ಳಲಾಗುವುದಿಲ್ಲ. ನಮ್ಮ ದಖನಿ ಕುರಿಯ ತುಪ್ಪಟದಲ್ಲಿ ಇಂಥ ಒರಟು ಎಳೆಗಳೇ ಧಾರಾಳ. ಕುರುಬರ ಕಂಬಳಿ ಮಳೆಗೂ ಮುಳ್ಳಿಗೂ ಜಗ್ಗದೆ ನಿಲ್ಲುವುದು ಆ ಒರಟುತನದಿಂದಲೇ, ಅದು ಸ್ವೆಟರ್ ಆಗದಿರುವುದೂ ಅದರಿಂದಲೇ. ಒಳ್ಳೆಯ ಲ್ಯಾಂಬ್ಸ್‌ವುಲ್‌ನ ಎಳೆ ಇಪ್ಪತ್ತರ ಆಸುಪಾಸಿನಿಂದ ಇಪ್ಪತ್ತೈದು ಮೈಕ್ರಾನ್‌ವರೆಗೆ ಇರುತ್ತದೆ. ಹೆಚ್ಚಿನವರಿಗೆ ಅಂಗಿಯ ಮೇಲೆ ಅದು ತಿಳಿಯುವುದೇ ಇಲ್ಲ, ಕತ್ತಿನ ಹತ್ತಿರ ಕೆಲವರಿಗೆ ತಿಳಿಯುತ್ತದೆ. ಅಕ್ರಿಲಿಕ್ ಎಳೆಯ ದಪ್ಪವನ್ನು ಕಾರ್ಖಾನೆಯೇ ಗೊತ್ತುಮಾಡುವುದರಿಂದ ಈ ತಾಪತ್ರಯ ಅಪರೂಪ. ಬದಲಿಗೆ ಕಲಬುರಗಿಯಂಥ ಒಣ ಚಳಿಯ ಊರಿನಲ್ಲಿ ಕತ್ತಲಲ್ಲಿ ಕಳಚಿದರೆ ಚಟಚಟ ಕಿಡಿ ಹಾರೀತು.

ಬೆರಕೆಯ ಮೋಸ ಇಲ್ಲೇ ಇದೆ. ಅಗ್ಗದ ಮಿಕ್ಸ್‌ಗೆ ಸೇರುವ ಉಣ್ಣೆ ಕುರಿಮರಿಯದೇ ಆಗಬೇಕೆಂದಿಲ್ಲ. 30 ಶೇಕಡಾ ಒರಟು ಉಣ್ಣೆ ಸೇರಿದ ಸ್ವೆಟರ್, ಪೂರ್ತಿ ಲ್ಯಾಂಬ್ಸ್‌ವುಲ್‌ಗಿಂತ ಹೆಚ್ಚು ಚುಚ್ಚಬಲ್ಲದು. ಅಂಗೈಯಿಂದ ಮುಟ್ಟಿದರೆ ಇದು ಗೊತ್ತಾಗದು, ಅಲ್ಲಿನ ಚರ್ಮ ದಪ್ಪ. ಕತ್ತಿನ ಪಕ್ಕಕ್ಕೋ ಮುಂಗೈಯ ಒಳಭಾಗಕ್ಕೋ ಅರ್ಧ ನಿಮಿಷ ಒತ್ತಿ ಹಿಡಿಯಬೇಕು.

ಸ್ವೆಟರಿನ ಮೇಲೆ ಎಳ್ಳಿನ ಗಾತ್ರದ ಉಂಡೆಗಳು ಏಳುವುದಕ್ಕೆ ಅಂಗಡಿಯವರ ಮಾತಿನಲ್ಲಿ ಪಿಲ್ಲಿಂಗ್ ಎಂದು ಹೆಸರು. ಕಂಕುಳು, ಮೇಜಿಗೆ ಉಜ್ಜುವ ಮುಂಗೈ, ಬ್ಯಾಗಿನ ಪಟ್ಟಿ ಹಾಯುವ ಭುಜ, ಇವು ಅದರ ಖಾಯಂ ತಾಣಗಳು. ಉಜ್ಜಾಟಕ್ಕೆ ಸಡಿಲ ಎಳೆಗಳು ಹೊರಬರುತ್ತವೆ, ಒಂದಕ್ಕೊಂದು ಸುತ್ತಿಕೊಂಡು ಉಂಡೆಯಾಗುತ್ತವೆ, ಕೆಲವು ಗಟ್ಟಿ ಎಳೆಗಳು ಆ ಉಂಡೆಯನ್ನು ಬಟ್ಟೆಗೆ ಕಟ್ಟಿ ಹಿಡಿಯುತ್ತವೆ. ಲ್ಯಾಂಬ್ಸ್‌ವುಲ್ ಸಡಿಲ ನೂಲಾದ್ದರಿಂದ ಮೊದಮೊದಲು ಧಾರಾಳವಾಗಿಯೇ ಉಂಡೆ ಕಟ್ಟುತ್ತದೆ, ಹಣ ಸುರಿದು ಕೊಂಡವರಿಗೆ ಹೊಟ್ಟೆ ಉರಿಯುವಷ್ಟು. ಆದರೆ ಉಣ್ಣೆಯ ಎಳೆ ದುರ್ಬಲ. ಕಟ್ಟಿ ಹಿಡಿದ ಎಳೆ ಬೇಗ ತುಂಡಾಗಿ ಉಂಡೆ ಉದುರುತ್ತದೆ. ಸಡಿಲ ಗಿಡ್ಡ ಎಳೆಗಳ ದಾಸ್ತಾನು ಮುಗಿದಂತೆ ಕಾಟವೂ ಇಳಿಯುತ್ತದೆ. ಅಕ್ರಿಲಿಕ್ ಎಳೆ ಅದಕ್ಕಿಂತ ಗಟ್ಟಿ, ಅದರ ಉಂಡೆ ಸುಲಭಕ್ಕೆ ಬಿಡುವುದಿಲ್ಲ. ಬೆರಕೆಯಲ್ಲಿ ಉಣ್ಣೆಯ ಸಡಿಲ ತುದಿಗಳು ಉಂಡೆ ಕಟ್ಟಿಕೊಡುತ್ತವೆ, ಅಕ್ರಿಲಿಕ್ ಅದಕ್ಕೆ ಗಟ್ಟಿ ತೊಟ್ಟು ಒದಗಿಸುತ್ತದೆ. ಒಬ್ಬರ ದೌರ್ಬಲ್ಯಕ್ಕೆ ಇನ್ನೊಬ್ಬರ ಬಲ ಸೇರಿದ ಕೆಟ್ಟ ಜೋಡಿ ಇದು. ಬೇಗ ಮುರಿಯುವ ಹಾಗೆ ಬೇಕೆಂದೇ ತಯಾರಿಸಿದ ಅಕ್ರಿಲಿಕ್ ಎಳೆಯೂ ಇದೆ, ಅದನ್ನು ಬಳಸಿದ ಮಿಕ್ಸ್ ವಾಸಿ. ಕೊಳ್ಳುವಾಗ ಹೆಬ್ಬೆರಳಿನಿಂದ ಒಂದೇ ಜಾಗವನ್ನು ಹತ್ತಾರು ಬಾರಿ ಉಜ್ಜಿ, ಅಲ್ಲಿ ನವಿರು ತುಪ್ಪಳ ಎದ್ದಿತೇ ಎಂದು ಓರೆಬೆಳಕಿನಲ್ಲಿ ನೋಡುವುದು ಒಳ್ಳೆಯದು. ಎದ್ದ ಉಂಡೆಗಳನ್ನು ಕಿತ್ತರೆ ಹೊಸ ಎಳೆ ಹೊರಬಂದು ಇನ್ನೊಂದಕ್ಕೆ ದಾರಿಯಾಗುತ್ತದೆ. ಬ್ಯಾಟರಿಯ ಪುಟ್ಟ ಶೇವರಿನಿಂದ ಕತ್ತರಿಸಬೇಕು.

ಉಣ್ಣೆಯ ಎಳೆಯ ಮೇಲೆ ತುದಿಯತ್ತ ಮುಖ ಮಾಡಿದ ಸೂಕ್ಷ್ಮ ಹುರುಪೆಗಳಿವೆ. ಬಿಸಿ, ತೇವ, ತಿಕ್ಕಾಟ ಮೂರೂ ಒಟ್ಟಿಗೆ ಸಿಕ್ಕರೆ ಎಳೆಗಳು ಬುಡದ ಕಡೆಗೆ ಮಾತ್ರ ಜಾರುತ್ತವೆ, ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ವಾಷಿಂಗ್ ಮೆಷಿನ್ನಿನಿಂದ ಸ್ವೆಟರ್ ಮಗುವಿನ ಅಳತೆಗೆ ಇಳಿದು ಹೊರಬಂದರೆ ನಡೆದಿರುವುದು ಇದೇ. ಹೆಣಿಗೆಯ ಕಣ್ಣು ಕಾಣದಷ್ಟು ದಪ್ಪವಾಗಿದ್ದರೆ ಅದು ಹಿಂತಿರುಗದು. 30 ಡಿಗ್ರಿ ಮೀರದ ನೀರು, ಉಜ್ಜದೆ ಅದುಮಿ ಒಗೆಯುವುದು, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತುವುದು, ನೆರಳಿನಲ್ಲಿ ಹಾಸಿ ಒಣಗಿಸುವುದು, ಇಷ್ಟೇ ಉಪಚಾರ. ಸೋಪು ಸೌಮ್ಯವಿರಬೇಕು. ಅಂಟುವಾಳದ ನೊರೆ ಆದೀತು, ಉಣ್ಣೆಗೆಂದೇ ಸಿಗುವ ದ್ರಾವಣ ಆದೀತು. ಕಲೆ ತೆಗೆಯುವ ಎನ್‌ಜೈಮ್ ಸೇರಿದ ಪುಡಿ ಮಾತ್ರ ಬೇಡ. ರಕ್ತ, ಮೊಟ್ಟೆಯ ಕಲೆಯಲ್ಲಿರುವ ಪ್ರೊಟೀನನ್ನು ಒಡೆಯುವ ಎನ್‌ಜೈಮಿಗೆ ಉಣ್ಣೆಯೂ ಪ್ರೊಟೀನೇ.

ಅಕ್ರಿಲಿಕ್ಕಿಗೆ ಮೆಷಿನ್ನಿನ ಭಯವಿಲ್ಲ, ಇಸ್ತ್ರಿಯ ಭಯವಿದೆ. ಬಿಸಿಯೂ ತೇವವೂ ಸೇರಿದರೆ ಎಳೆ ಮೆತ್ತಗಾಗುತ್ತದೆ. ಹಬೆಯ ಇಸ್ತ್ರಿ ಒತ್ತಿದ ಕಡೆ ಉಬ್ಬು ಸತ್ತು ಬಟ್ಟೆ ಜೋಲುತ್ತದೆ, ಬಿಸಿನೀರಿನಿಂದ ತೆಗೆದು ಹಗ್ಗಕ್ಕೆ ನೇತುಹಾಕಿದರೆ ತೋಳು ಉದ್ದವಾಗುತ್ತದೆ. ಮಿಕ್ಸ್‌ಗೆ ಈ ಎರಡೂ ಭಯ. ನುಸಿಯೂ ಅದಕ್ಕೆ ರಿಯಾಯಿತಿ ತೋರುವುದಿಲ್ಲ: ಮರಿಹುಳು ಉಣ್ಣೆಯ ಎಳೆಗಳನ್ನು ಮೇಯುತ್ತದೆ, ಅಕ್ರಿಲಿಕ್ ಉಳಿದ ಕಡೆ ಬಟ್ಟೆ ಜಾಳಾಗುತ್ತದೆ.

ಪಟ್ಟಿಯಲ್ಲಿ ಬರೆದದ್ದನ್ನು ಎಷ್ಟು ನಂಬಬೇಕು? 1964ರಲ್ಲಿ ಬಂದ ವುಲ್‌ಮಾರ್ಕ್ ಮುದ್ರೆಗೆ ಮೂರು ದರ್ಜೆಗಳಿವೆ. ಪೂರ್ತಿ ಹೊಸ ಉಣ್ಣೆಗೆ ಒಂದು, ಅರ್ಧಕ್ಕಿಂತ ಕಡಿಮೆಯಿಲ್ಲದ ಬೆರಕೆಗೆ ಒಂದು, 30ರಿಂದ 50 ಶೇಕಡಾದೊಳಗಿನದಕ್ಕೆ ಇನ್ನೊಂದು. ಮುದ್ರೆಯಿಲ್ಲದ ಸ್ವೆಟರಿಗೆ ಒಳಹೊಲಿಗೆಯ ಒಂದಿಂಚು ದಾರ ಸಾಕು. ಚಿಮಟದಲ್ಲಿ ಹಿಡಿದು, ಕಿಟಕಿ ತೆರೆದಿಟ್ಟು, ಸಿಂಕಿನ ಮೇಲೆ ಕಡ್ಡಿ ಗೀರಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಿಗೆ ಪುಡಿಯಾಗುವ ಬೂದಿ. ಅಕ್ರಿಲಿಕ್ಕಾದರೆ ಕಪ್ಪು ಹೊಗೆ, ಗಟ್ಟಿ ಕರಿ ಮಣಿ. ಮಿಕ್ಸ್ ಎರಡನ್ನೂ ತೋರಿಸುತ್ತದೆ, ಎಷ್ಟು ಪಾಲು ಎಂದು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯಗಳು ನಂಬುವುದು ಬ್ಲೀಚಿನ ಮದ್ದಾದ ಸೋಡಿಯಂ ಹೈಪೋಕ್ಲೋರೈಟನ್ನು. ಒಣಗಿಸಿ ತೂಗಿದ ಒಂದು ಗ್ರಾಂ ನೂಲನ್ನು ಅದರ ದ್ರಾವಣದಲ್ಲಿ ಅಲುಗಿಸಿದರೆ ಉಣ್ಣೆ ಕರಗಿಹೋಗುತ್ತದೆ. ಉಳಿದ ಅಕ್ರಿಲಿಕ್ಕನ್ನು ತೊಳೆದು ಒಣಗಿಸಿ ಮತ್ತೆ ತಕ್ಕಡಿಗೆ ಇಡುತ್ತಾರೆ. 0.7 ಗ್ರಾಂ ತೂಗಿದರೆ 30 ಶೇಕಡಾ ಉಣ್ಣೆ ಎಂದ ಪಟ್ಟಿ ನಿಜ, 0.9 ತೂಗಿದರೆ ಉಣ್ಣೆ ಇದ್ದದ್ದು ಹತ್ತೇ ಶೇಕಡಾ.