ಅಂಗಳಕ್ಕೆ ಬಂದ ಆನೆ, ಪಕ್ಕದ ಕೋಣೆಯ ಭತ್ತ

ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ಆಲೂರು ಕಡೆಯ ನಮ್ಮ ಚಿಕ್ಕಪ್ಪನ ಮನೆಯ ಪಕ್ಕದ ಕೋಣೆಯ ಗೋಡೆಯನ್ನು ರಾತ್ರಿ ಎರಡರ ಹೊತ್ತಿಗೆ ಆನೆ ತಳ್ಳಿ ಬೀಳಿಸಿತು. ಒಳಗೆ ಮೂವತ್ತು ಚೀಲ ಭತ್ತ ಜೋಡಿಸಿಟ್ಟಿದ್ದರು. ಮೂರು ಚೀಲವನ್ನು ಅಂಗಳಕ್ಕೆ ಎಳೆದು, ಹರಿದು, ತಿಂದದ್ದಕ್ಕಿಂತ ಹೆಚ್ಚು ತುಳಿದು, ಬೆಳಗಿನ ಜಾವಕ್ಕೆ ಕಾಫಿ ತೋಟದೊಳಗೆ ಇಳಿದುಹೋಯಿತು. ಮನೆಯವರಿಗೆ ಏನೂ ಆಗಲಿಲ್ಲ. ಆ ಕೋಣೆಯಲ್ಲಿ ಮಲಗುತ್ತಿದ್ದ ನನ್ನ ತಮ್ಮ ಅವತ್ತು ಹಾಸನದಲ್ಲಿದ್ದ.

ಬೆಳಿಗ್ಗೆ ಅಕ್ಕಪಕ್ಕದವರೆಲ್ಲ ಬಿದ್ದ ಗೋಡೆಯ ಮುಂದೆ ಸೇರಿದರು. ಒಬ್ಬೊಬ್ಬರದು ಒಂದೊಂದು ಕಾರಣ, ಒಂದೊಂದು ಪರಿಹಾರ. ಅವರ ಮಾತುಗಳಲ್ಲಿ ಅರ್ಧಕ್ಕರ್ಧ ನಾನೂ ಚಿಕ್ಕಂದಿನಿಂದ ನಂಬಿಕೊಂಡು ಬಂದವು. ಅವು ಎಷ್ಟು ನಿಜ ಎಂದು ಆಮೇಲೆ ಕೇಳಿ, ಓದಿ, ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

"ಚೀಲ ಬಿಗಿಯಾಗಿ ಹೊಲಿದಿತ್ತು, ಬಾಗಿಲು ಹಾಕಿತ್ತು. ಅದಕ್ಕೆ ಹೇಗೆ ಗೊತ್ತಾಯಿತೋ!"

ಮೂಗಿನಿಂದ ಗೊತ್ತಾಯಿತು. ವಾಸನೆ ಹಿಡಿಯುವ ವಂಶವಾಹಿಗಳು ಆಫ್ರಿಕಾದ ಆನೆಯಲ್ಲಿ ಸುಮಾರು 2,000 ಇವೆಯೆಂದು 2014ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಾಯಿಗಿರುವುದು ಅದರ ಅರ್ಧಕ್ಕಿಂತ ಕಡಿಮೆ, ನಮಗೆ ಐದರಲ್ಲೊಂದು ಪಾಲು. ನಮ್ಮ ಏಷ್ಯಾದ ಆನೆಯ ಮೇಲೆ ಥಾಯ್ಲೆಂಡಿನಲ್ಲಿ ನಡೆದ ಪ್ರಯೋಗ ಇನ್ನೂ ಕುತೂಹಲದ್ದು. ಸೂರ್ಯಕಾಂತಿ ಬೀಜ ತುಂಬಿದ ಎರಡು ಬಕೆಟ್‌ಗಳನ್ನು ಒಳಗೇನಿದೆಯೆಂದು ಕಾಣದಂತೆ ಮುಚ್ಚಿ ಇಟ್ಟರು. ಸೊಂಡಿಲಿನಲ್ಲಿ ಮೂಸಿದ ಆನೆಗಳು ಯಾವುದರಲ್ಲಿ ಬೀಜ ಹೆಚ್ಚಿದೆಯೋ ಆ ಬಕೆಟ್ಟನ್ನೇ ಹೆಚ್ಚಾಗಿ ಆರಿಸಿಕೊಂಡವು. ಅಂದರೆ ಭತ್ತ ಇದೆ ಎಂಬುದಷ್ಟೇ ಅಲ್ಲ, ಎಲ್ಲಿ ಜಾಸ್ತಿ ಇದೆ ಎಂಬುದೂ ಅದಕ್ಕೆ ವಾಸನೆಯಲ್ಲೇ ತಿಳಿಯುತ್ತದೆ. ಗೋಣಿಚೀಲವಾಗಲಿ ಪ್ಲಾಸ್ಟಿಕ್ ಚೀಲವಾಗಲಿ, ಹೊಲಿಗೆ ಎಷ್ಟೇ ಬಿಗಿಯಿದ್ದರೂ ಈ ಮೂಗಿಗೆ ಅದು ತೆರೆದ ಮೊರವೇ.

ಆದ್ದರಿಂದ ಮೊದಲು ನೋಡಬೇಕಾದದ್ದು ಮನೆಯಲ್ಲಿ ಎಷ್ಟಿದೆ ಎಂಬುದನ್ನು. ಚಿಕ್ಕಪ್ಪನ ಲೆಕ್ಕವನ್ನೇ ಹಿಡಿಯೋಣ. ಐದು ಜನರ ಮನೆಗೆ ತಿಂಗಳಿಗೆ 25 ಕೆ.ಜಿ. ಅಕ್ಕಿ ಬೇಕು, ವರ್ಷಕ್ಕೆ 300. ನೂರು ಕೆ.ಜಿ. ಭತ್ತಕ್ಕೆ 65 ಕೆ.ಜಿ. ಅಕ್ಕಿ ಬರುತ್ತದೆಂದರೆ ಬೇಕಾಗುವುದು 460 ಕೆ.ಜಿ. ಭತ್ತ. 65 ಕೆ.ಜಿ.ಯ ಚೀಲದ ಲೆಕ್ಕದಲ್ಲಿ ಏಳು ಚೀಲ. ಬಿತ್ತನೆಗೆ ಒಂದೆರಡು. ಉಳಿದ ಇಪ್ಪತ್ತು ಚಿಲ್ಲರೆ ಚೀಲ ಮನೆಯಲ್ಲಿದ್ದದ್ದು ಸುಗ್ಗಿ ಕಳೆದ ಮೇಲೆ ರೇಟು ಏರಲಿ ಎಂದು. ಕಾಯುವುದು ತಪ್ಪಲ್ಲ, ಆದರೆ ಮಲಗುವ ಮನೆಯಲ್ಲೇ ಇಟ್ಟುಕೊಂಡು ಕಾಯಬೇಕಾಗಿಲ್ಲ. ಈಗ ಅವರು ಅಷ್ಟನ್ನೂ ಪರಿಚಯದ ಮಿಲ್ಲಿನಲ್ಲಿ ಚೀಟಿ ಮಾಡಿಸಿ ಇಡುತ್ತಾರೆ. ಸೊಸೈಟಿ ಗೋದಾಮಿರುವ ಊರಿನವರು ಅಲ್ಲಿಡಬಹುದು. ಮನೆಗೆ ತರುವುದು ಎರಡು ತಿಂಗಳಿನ 50 ಕೆ.ಜಿ. ಅಕ್ಕಿ ಮಾತ್ರ. ಬಾಯಿಗೆ ಪಟ್ಟಿ ಬಿಗಿಯುವ ನೂರು ಲೀಟರಿನ ಒಂದು ಡ್ರಮ್ಮಿನಲ್ಲಿ ಅದು ಸಲೀಸಾಗಿ ಹಿಡಿಯುತ್ತದೆ.

ಡ್ರಮ್ಮು ವಾಸನೆಯನ್ನು ಪೂರ್ತಿ ಕಟ್ಟಿಹಾಕುತ್ತದೆ ಎಂದು ನಾನು ಹೇಳುತ್ತಿಲ್ಲ. ಮುಚ್ಚಳ ಬಿಗಿಯಾಗಿದ್ದಷ್ಟೂ ಕಡಿಮೆ ಮಾಡುತ್ತದೆ, ಅಷ್ಟೆ. ಇನ್ನೊಂದು ಎಚ್ಚರಿಕೆಯೂ ಬೇಕು. ಭತ್ತವನ್ನೇ ಡ್ರಮ್ಮಿಗೆ ತುಂಬುವುದಾದರೆ ಚೆನ್ನಾಗಿ ಒಣಗಿರಬೇಕು. ಕಾಳು ಕಚ್ಚಿದರೆ ಕಟ್ ಎಂದು ಮುರಿಯಬೇಕು. ಹಸಿ ಇದ್ದರೆ ಒಳಗೇ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ, ಆನೆ ತಿನ್ನದಿದ್ದರೂ ನಮಗೂ ದಕ್ಕುವುದಿಲ್ಲ.

ಭತ್ತ ಒಂದನ್ನೇ ನೋಡಿದರೆ ಸಾಲದು. ಕೊಟ್ಟಿಗೆಯ ಬೂಸಾ, ಹಿಂಡಿ, ದನಕ್ಕೆ ಇಟ್ಟ ಉಪ್ಪು, ಅಟ್ಟದಲ್ಲಿ ಹಣ್ಣಿಗಿಟ್ಟ ಬಾಳೆಗೊನೆ, ಹಿತ್ತಿಲಿನಲ್ಲಿ ಕೊಳೆತು ಬಿದ್ದ ಹಲಸು, ಇವೆಲ್ಲವೂ ಕರೆಯುವ ವಾಸನೆಗಳೇ. ಮನೆಗೆ ತಾಗಿದ ಹಲಸಿನ ಮರವಿದ್ದರೆ ಕಾಯಿ ಬಲಿಯುವ ಮುಂಚೆಯೇ ಇಳಿಸಿ ಪಲ್ಯಕ್ಕೆ ಬಳಸುವುದು ಒಳ್ಳೆಯದು. ಹಿಂದಿನ ಕೋಣೆಯಲ್ಲಿ ಕಳ್ಳಬಟ್ಟಿಗೆ ಹುಳಿ ಹಾಕಿಟ್ಟವರಿಗೆ ಆನೆಯ ಕಾಟ ಯಾಕೆ ಹೆಚ್ಚೆಂದು ಅವರಿಗೇ ಗೊತ್ತಿರುತ್ತದೆ, ಹೇಳಿಕೊಳ್ಳುವುದಿಲ್ಲ.

"ಚೀಲದ ಪಕ್ಕ ಒಬ್ಬರು ಮಲಗಿದ್ದರೆ ಆನೆ ಬರುತ್ತಿರಲಿಲ್ಲ"

ಹೇಳಿದವರು ಹಿರಿಯರು, ನಾನು ಎದುರಾಡಲಿಲ್ಲ. ಆದರೆ ಆ ಬೆಳಿಗ್ಗೆ ಕೇಳಿದ್ದರಲ್ಲಿ ಅತ್ಯಂತ ಅಪಾಯದ ಮಾತು ಇದೇ. ಕಳ್ಳನಿಗೆ ಕಾವಲು ಸರಿ, ಆನೆಗೆ ಅಲ್ಲ. ಒಳಗೆ ಮನುಷ್ಯ ಇದ್ದಾನೆಂದು ಹಸಿದ ಆನೆ ಹಿಂದೆ ಸರಿಯುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ನಾಲ್ಕು ಟನ್ ತೂಕದ ಪ್ರಾಣಿ ಹಣೆಕೊಟ್ಟು ತಳ್ಳಿದರೆ ಮಣ್ಣಿನ ಗೋಡೆಯೂ ಒಂದೇ, ಕಂಬಿಯಿಲ್ಲದ ಇಟ್ಟಿಗೆಯ ಗೋಡೆಯೂ ಒಂದೇ. ಮನೆಯೊಳಗಿದ್ದವರಿಗೆ ಪೆಟ್ಟಾಗುವುದು ಆನೆಯ ಕಾಲಿನಿಂದಲೇ ಆಗಬೇಕೆಂದಿಲ್ಲ, ಮೈಮೇಲೆ ಬೀಳುವ ಗೋಡೆ, ತೊಲೆ, ಹೆಂಚು ಸಾಕು.

ಕಾಳು ಇರುವ ಕೋಣೆಯಲ್ಲಿ ಯಾರೂ ಮಲಗಬಾರದು. ಬೇರೆ ಕೋಣೆಯಲ್ಲೂ ಹೊರಗೋಡೆಗೆ ತಲೆ ಕೊಟ್ಟು ಮಲಗುವ ಅಭ್ಯಾಸ ಬಿಡಬೇಕು. ಡ್ರಮ್ಮನ್ನು ಮನೆಯ ನಡುಭಾಗದಲ್ಲಿ, ಕಿಟಕಿ ಬಾಗಿಲುಗಳಿಂದ ಎರಡು ಮಾರು ದೂರದಲ್ಲಿ ಇಡಬೇಕು. ಸೊಂಡಿಲು ಒಂದು ಮಾರು ಉದ್ದವಿರುತ್ತದೆ. ಕಿಟಕಿಯ ಸರಳು ಕಿತ್ತರೂ ಸುಲಭವಾಗಿ ಕೈಗೆಟುಕದಿದ್ದರೆ ಆನೆ ಗೋಡೆಗೆ ಕೈಹಾಕದೆ ಹೋಗುವ ಸಾಧ್ಯತೆಯಾದರೂ ಉಂಟು. ಒಂದೇ ಕೋಣೆಯ ಲೈನ್ ಮನೆಗಳಲ್ಲಿ ಇದು ಯಾವುದೂ ಆಗುವ ಮಾತಲ್ಲ. ಅಡುಗೆ, ಅಕ್ಕಿ, ಮಕ್ಕಳು ಎಲ್ಲ ಹತ್ತಡಿಯೊಳಗೇ. ಅಂಥ ಕಡೆ ಪಡಿತರದ ಅಕ್ಕಿಯನ್ನು ಎಲ್ಲರೂ ಸೇರಿ ಜನ ಮಲಗದ, ಗಟ್ಟಿಯಾದ ಒಂದೇ ಕಟ್ಟಡದಲ್ಲಿಟ್ಟು, ವಾರಕ್ಕೊಮ್ಮೆ ಒಯ್ಯುವ ವ್ಯವಸ್ಥೆಯನ್ನು ತೋಟದ ಮಾಲೀಕರು ಮಾಡಿಕೊಡಬೇಕು.

ಅಕ್ಕಿಯ ರುಚಿ ಹತ್ತಿದ ಆನೆ ಏನು ಮಾಡುತ್ತದೆ ಎಂಬುದಕ್ಕೆ ಕೇರಳದ ಚಿನ್ನಕ್ಕನಾಲಿನ ಒಂದು ಸಲಗವೇ ಸಾಕ್ಷಿ. ಮನೆ, ರೇಷನ್ ಅಂಗಡಿ ಒಡೆದು ಅಕ್ಕಿ ತಿನ್ನುತ್ತಿದ್ದ ಅದಕ್ಕೆ ಜನ ಅರಿಕೊಂಬನ್ ಎಂದು ಹೆಸರಿಟ್ಟರು. ಅರಿ ಎಂದರೆ ಅಕ್ಕಿ, ಕೊಂಬನ್ ಎಂದರೆ ದಂತವಿರುವ ಆನೆ. 2023ರ ಏಪ್ರಿಲ್‌ನಲ್ಲಿ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟರು. ತಿಂಗಳೊಪ್ಪತ್ತಿನಲ್ಲಿ ಅದು ತಮಿಳುನಾಡಿನ ಕಂಬಂ ಪೇಟೆಯ ಬೀದಿಯಲ್ಲಿತ್ತು. ಜೂನ್‌ನಲ್ಲಿ ಮತ್ತೆ ಹಿಡಿದು ಇನ್ನೂ ದಕ್ಷಿಣದ ಕಾಡಿಗೆ ಸಾಗಿಸಬೇಕಾಯಿತು. "ಹಿಡಿದುಕೊಂಡು ಹೋಗಲಿ, ಮುಗೀತು" ಎನ್ನುವವರು ಇದನ್ನೊಮ್ಮೆ ನೆನೆಯಬೇಕು. ನಮ್ಮ ಆಲೂರು ಭಾಗದಲ್ಲೇ ಹತ್ತು ವರ್ಷಕ್ಕೂ ಹಿಂದೆ 22 ಆನೆ ಹಿಡಿದರು. ಚಿಕ್ಕಪ್ಪನ ಗೋಡೆ ಬಿದ್ದದ್ದು ಅದಾದ ಮೇಲೆ.

"ಪಟಾಕಿ ಹೊಡೆದಿದ್ದರೆ ಓಡುತ್ತಿತ್ತು"

ಓಡುತ್ತಿತ್ತು, ಎತ್ತ ಕಡೆ ಎಂಬುದು ಪ್ರಶ್ನೆ. ಕತ್ತಲಲ್ಲಿ ಹೆದರಿದ ಆನೆ ಮುಂದಿನ ಮನೆಯ ಅಂಗಳಕ್ಕೋ, ದಾರಿಯಲ್ಲಿ ಬರುತ್ತಿರುವ ಬೈಕಿನ ಮೇಲೋ ನುಗ್ಗುತ್ತದೆ. ಮರಿಯಿರುವ ಹಿಂಡಾದರೆ ಚೆದುರಿಹೋಗುತ್ತದೆ, ಮರಿಯಿಂದ ಬೇರೆಯಾದ ತಾಯಿಯ ಎದುರು ಯಾರೂ ನಿಲ್ಲಲಾಗದು. ಪದೇ ಪದೇ ಕೇಳಿದ ಆನೆಗಳಿಗೆ ಪಟಾಕಿ ಅಭ್ಯಾಸವೂ ಆಗಿಬಿಡುತ್ತದೆ. ಓಡಿಸುವ ಕೆಲಸ ಅರಣ್ಯ ಇಲಾಖೆಯ ಸಿಬ್ಬಂದಿಗೆ ಬಿಡಬೇಕು. ಟಾರ್ಚನ್ನು ನೇರ ಕಣ್ಣಿಗೆ ಬಿಟ್ಟು ಕೆಣಕುವುದೂ ಬೇಡ.

ಹಾಗಾದರೆ ದೀಪ ಬೇಡವೇ? ಬೇಕು, ಆನೆಯನ್ನು ಓಡಿಸಲಿಕ್ಕಲ್ಲ, ನಾವು ನೋಡಲಿಕ್ಕೆ. ಬಾಗಿಲ ನೆತ್ತಿಯ ಬಲ್ಬು ಮೆಟ್ಟಿಲಷ್ಟನ್ನೇ ಬೆಳಗಿ ಅದರಾಚೆಯ ಕತ್ತಲನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಅಂಗಳದ ಕೊನೆ, ಕೊಟ್ಟಿಗೆಯ ಮೂಲೆ, ಬಚ್ಚಲಿನ ದಾರಿ ಇಷ್ಟು ಕಾಣುವಂತೆ ದೀಪ ಹಾಕಿ, ಸ್ವಿಚ್ಚನ್ನು ಮನೆಯೊಳಗೆ ಇಟ್ಟುಕೊಳ್ಳಬೇಕು. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಹತ್ತಿರವಿದ್ದಾಗ ಎತ್ತರದ ಜಾಗದಲ್ಲಿ ಕೆಂಪು ದೀಪ ಹೊತ್ತಿಸಿ, ಮೊಬೈಲಿಗೆ ಸಂದೇಶ ಕಳಿಸುವ ಏರ್ಪಾಡಿದೆ. ಹಾಸನ ಜಿಲ್ಲೆಗೂ ಅದು ಬಂದಿದೆ. ಆ ದೀಪವೂ ಹೆದರಿಸುವುದು ನಮ್ಮನ್ನೇ, ಆನೆಯನ್ನಲ್ಲ.

ಬೇಲಿಗೆ ಮನೆಯ ಕರೆಂಟು ಕೊಡುವ ಸಲಹೆಯೂ ಅವತ್ತು ಬಂತು. ಸೋಲಾರ್ ಬೇಲಿ ತಡೆತಡೆದು ಚುರುಕ್ ಎನ್ನಿಸುತ್ತದೆ, ಮನೆಯ ಕರೆಂಟು ಹಿಡಿದದ್ದನ್ನು ಬಿಡುವುದಿಲ್ಲ. ಆನೆ ಸತ್ತರೆ ಜೈಲು. ಅದಕ್ಕೂ ಮೊದಲು ಸಾಯುವುದು ನಿಮ್ಮ ದನವೋ ಪಕ್ಕದ ಮನೆಯ ಹುಡುಗನೋ ಆಗಬಹುದು.

"ಆನೆ ಬಂದರೆ ಸದ್ದು ಕೇಳಿಸದೆ ಇರುತ್ತದೆಯೇ?"

ಕೇಳಿಸದೆ ಇರುತ್ತದೆ. ಆನೆಯ ಪಾದದೊಳಗೆ ಕೊಬ್ಬಿನ ದಪ್ಪ ಮೆತ್ತೆಯಿದೆ, ತರಗೆಲೆಯ ಮೇಲೂ ಅದು ಬೆಕ್ಕಿನ ಹಾಗೆ ಬರಬಲ್ಲದು. ಬಂದದ್ದು ಅಲ್ಲಾಡದೆ ನಿಂತರೆ ಹತ್ತು ಮಾರು ದೂರದಿಂದಲೂ ಗೊತ್ತಾಗದು. ವಾಲ್ಪಾರೈಯಲ್ಲಿ ಆನೆಯಿಂದ ಸತ್ತವರಲ್ಲಿ ಹೆಚ್ಚಿನವರಿಗೆ ಆನೆ ಹತ್ತಿರವಿರುವುದೇ ತಿಳಿದಿರಲಿಲ್ಲ. ರಾತ್ರಿ ಬಚ್ಚಲಿಗೆ ಹೋಗಲು, ಬೆಳಗಿನ ಕತ್ತಲಲ್ಲಿ ಡೈರಿಗೆ ಹಾಲು ಕೊಡಲು ಹೊರಡುವ ಹೊತ್ತೇ ಕೆಟ್ಟದ್ದು. ಮೊದಲು ಒಳಗಿನಿಂದ ದೀಪ ಹಾಕಿ, ಕಿಟಕಿಯಲ್ಲಿ ನೋಡಿ, ಒಂದೆರಡು ನಿಮಿಷ ಕಿವಿಗೊಡಬೇಕು. ಬಿದಿರೋ ಬಾಳೆಯೋ ಮುರಿಯುವ ಸದ್ದು, ನಾಯಿ ಒಂದೇ ದಿಕ್ಕಿಗೆ ಬೊಗಳುವುದು, ದನಗಳು ಹಗ್ಗ ಜಗ್ಗುವುದು ಇವುಗಳಲ್ಲಿ ಯಾವುದಿದ್ದರೂ ಬಾಗಿಲು ತೆಗೆಯಬಾರದು. ನಾಯಿಯನ್ನು ಬಿಟ್ಟು ಕಳಿಸಲೂಬಾರದು. ಅದು ಆನೆಯನ್ನು ಕೆಣಕಿ, ಹೆದರಿ, ಕೊನೆಗೆ ಓಡಿ ಬರುವುದು ಯಜಮಾನನ ಕಾಲ ಬಳಿಗೇ. ಆನೆಯೂ ಹಿಂದೆಯೇ ಬರುತ್ತದೆ.

ಆನೆ ಅಂಗಳದಲ್ಲಿ ನಿಂತಿದೆಯೆಂದು ತಿಳಿದರೆ ಮಾತು ನಿಲ್ಲಿಸಿ, ಆನೆ ಇರುವ ಗೋಡೆಯಿಂದ ದೂರದ ಕೋಣೆಗೆ ಎಲ್ಲರೂ ಸರಿದು, ಅಲ್ಲಿಂದ ಫೋನ್ ಮಾಡಬೇಕು. ಚೀಲ ಎಳೆಯುತ್ತಿದ್ದರೆ ಎಳೆಯಲಿ. ಅದು ಹೋಯಿತೆನಿಸಿದರೂ ಬೆಳಕು ಹರಿಯುವವರೆಗೆ ಹೊರಬರಬಾರದು, ಹಿಂಡಿನ ಇನ್ನೊಂದು ಹಿತ್ತಿಲಲ್ಲಿರಬಹುದು.

ಹೊರಗೇ ಎದುರಾದರೆ ಅಡ್ಡಾದಿಡ್ಡಿ ಓಡಿ, ಇಳಿಜಾರಿಗೆ ಓಡಿ ಎನ್ನುತ್ತಾರೆ. ಆನೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರಬಲ್ಲದು, ಮಲೆನಾಡಿನ ಇಳಿಜಾರು ಅದಕ್ಕೆ ದಿನದ ದಾರಿ. ಕತ್ತಲಲ್ಲಿ ಕಾಫಿ ಗಿಡಗಳ ನಡುವೆ ಎಡವಿ ಬೀಳುವವರು ನಾವು. ದೂರವಿದ್ದಾಗಲೇ ಬೆನ್ನು ತಿರುಗಿಸದೆ, ಕೂಗದೆ ಹಿಂದೆ ಸರಿದು ಹತ್ತಿರದ ಗಟ್ಟಿ ಮನೆ ಸೇರಬೇಕು. ಅಟ್ಟಿಸಿಕೊಂಡು ಬಂದೇಬಿಟ್ಟರೆ ಓಡದೆ ವಿಧಿಯಿಲ್ಲ. ಹೆಗಲ ಮೇಲಿನ ಟವೆಲ್ಲನ್ನೋ ಕೈಯ ಚೀಲವನ್ನೋ ಬಿಸಾಡಿದರೆ ಅದರ ಗಮನ ಒಂದು ಕ್ಷಣ ಅತ್ತ ಹೋಗಬಹುದು, ಹೋಗದೆಯೂ ಇರಬಹುದು.

ಆನೆ ಬಂದುಹೋದ ಬೆಳಿಗ್ಗೆ ಚಿಕ್ಕಮ್ಮ ಮೊದಲು ಮಾಡಿದ ಕೆಲಸ ಅಂಗಳ ಗುಡಿಸಿದ್ದು. ಪರಿಹಾರದ ಅರ್ಜಿಗೆ ಫೋಟೋ ಬೇಕಾದಾಗ ಹೆಜ್ಜೆಯೂ ಇರಲಿಲ್ಲ, ಹರಿದ ಚೀಲವೂ ಇರಲಿಲ್ಲ. ನಿಮ್ಮ ಮನೆಗೆ ಹಾಗಾದರೆ ಹೆಜ್ಜೆ, ಲದ್ದಿ, ಬಿದ್ದ ಗೋಡೆ ಎಲ್ಲದರ ಫೋಟೋ ತೆಗೆಯುವವರೆಗೆ ಪೊರಕೆ ಮುಟ್ಟಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ನಿಮ್ಮ ವಲಯ ಕಚೇರಿಯ ನಂಬರನ್ನೂ ಅದರ ಜೊತೆಗೆ ಇವತ್ತೇ ಗೋಡೆಯ ಮೇಲೆ ಬರೆದಿಡಿ, ಒಳಗಿನ ಗೋಡೆಯ ಮೇಲೆ.